ಪೈಗೆ ಒಂದು ಬಕ್ ಸಪ್ಲೈ: ಎರಡನೇ ಝೀರೋ ಹಾಕುವವರೆಗಿನ ಕಥೆ

ಕರೆಂಟ್ ಹೋದರೂ ರಾಸ್ಪ್‌ಬೆರಿ ಪೈ ಆಫ್ ಆಗಬಾರದು ಅಂತ ಹಳೇ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಗೆ, ವೋಲ್ಟೇಜ್ ಇಳಿಸುವ ಒಂದು ರೆಡಿಮೇಡ್ ಬಕ್ ಮಾಡ್ಯೂಲ್ ಸಿಕ್ಕಿಸಿದ್ದೆ. ಮೀಟರ್ ಹಿಡಿದರೆ ನೀಟಾಗಿ 5 ವೋಲ್ಟ್. ಪೈ ಮಾತ್ರ ಬೇರೆಯೇ ಹೇಳುತ್ತಿತ್ತು:

```
$ vcgencmd get_throttled
throttled=0x50000
```

ಬೂಟ್ ಆದಮೇಲೆ ಯಾವಾಗಲೋ ಒಮ್ಮೆ ವೋಲ್ಟೇಜ್ ತೀರಾ ಕೆಳಗಿಳಿದಿದೆ ಅಂತ ಇದರ ಅರ್ಥ. ಪೈ ಗೊಣಗಲು ಶುರುಮಾಡುವ ಗಡಿ ಸುಮಾರು 4.63 ವೋಲ್ಟ್. ಸ್ಕೋಪ್ ಹಾಕಿದಾಗ ಸಿಕ್ಕಿಬಿತ್ತು. ಪೈ ಒಮ್ಮೆಲೆ ಜಾಸ್ತಿ ಕರೆಂಟ್ ಎಳೆದಾಗಲೆಲ್ಲ ಔಟ್‌ಪುಟ್ ಅರ್ಧ ವೋಲ್ಟ್‌ನಷ್ಟು ಕುಸಿದು, ನಾಲ್ಕೈದು ಸಲ ಮೇಲೆ ಕೆಳಗೆ ಆಡಿ, ಆಮೇಲೆ ಸುಮ್ಮನಾಗುತ್ತಿತ್ತು. ಮೀಟರ್ ತೋರಿಸುವುದು ಸರಾಸರಿ. ಒಂದೆರಡು ಮಿಲಿಸೆಕೆಂಡಿನ ಈ ಕುಣಿತ ಅದಕ್ಕೆ ಕಾಣುವುದೇ ಇಲ್ಲ.

ಬೇರೆ ಮಾಡ್ಯೂಲ್ ತಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಔಟ್‌ಪುಟ್ ವೋಲ್ಟೇಜ್ ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ವೋಲ್ಟೇಜ್ ಮೋಡ್ ಲೂಪ್ ಒಂದನ್ನು ಬುಡದಿಂದ ಕಟ್ಟಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು. ಸರಿ, ಕೂತೆ.

ಪವರ್ ಭಾಗ

ಇದರಲ್ಲಿ ಹೊಸತೇನಿಲ್ಲ, ಬೇಗ ಹೇಳಿಬಿಡುತ್ತೇನೆ. ಎರಡು ಐಆರ್‌ಎಫ್‌ಝೆಡ್ 44ಎನ್ ಮಾಸ್‌ಫೆಟ್, ಅವನ್ನು ಓಡಿಸಲು ಐಆರ್ 2104 ಡ್ರೈವರ್. ಎಸ್‌ಪಿ ರೋಡಿನಲ್ಲಿ ಎರಡೂ ಕೇಳಿದ ತಕ್ಷಣ ಸಿಗುತ್ತವೆ. ಕೆಳಗೆ ಡಯೋಡ್ ಬದಲು ಮಾಸ್‌ಫೆಟ್ ಹಾಕಿದ್ದಕ್ಕೆ ಕಾರಣ ಇದೆ. ಡಯೋಡ್ ಇದ್ದರೆ ಲೋಡ್ ಕಡಿಮೆಯಾದಾಗ ಕಾಯಿಲ್ ಕರೆಂಟ್ ಸೊನ್ನೆಗೆ ಬಂದು ನಿಂತುಬಿಡುತ್ತದೆ, ಆಗ ಸರ್ಕ್ಯೂಟಿನ ಲೆಕ್ಕವೇ ಬದಲಾಗುತ್ತದೆ. ನನಗೆ ಒಂದೇ ಲೆಕ್ಕ ಸಾಕಾಗಿತ್ತು.

ಕಾಯಿಲ್‌ಗೆ ಕೆಟ್ಟುಹೋದ ಕಂಪ್ಯೂಟರ್ ಸಪ್ಲೈನ ಹಳದಿ ಟೊರಾಯ್ಡ್ ಬಿಚ್ಚಿ, ಮತ್ತೆ ಸುತ್ತಿ, 47 ಮೈಕ್ರೋಹೆನ್ರಿಗೆ ತಂದೆ. ಔಟ್‌ಪುಟ್ ಕೆಪಾಸಿಟರ್ ಹಳೇ ಮದರ್‌ಬೋರ್ಡಿನದು: 270 ಮೈಕ್ರೋಫ್ಯಾರಡ್, 16 ವೋಲ್ಟ್, ಪಾಲಿಮರ್ ಜಾತಿ. ಇದರ ಒಳಗಿನ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್, ಬರೀ 12 ಮಿಲಿಓಮ್. ಈ ಸಂಖ್ಯೆ ನೆನಪಿರಲಿ, ಮುಂದೆ ತೊಂದರೆ ಕೊಡುವುದು ಇದೇ.

ಸ್ವಿಚಿಂಗ್ 100 ಕಿಲೊಹರ್ಟ್ಸ್. ತ್ರಿಕೋನ ಅಲೆಯನ್ನು ಸದ್ಯಕ್ಕೆ ಫಂಕ್ಷನ್ ಜನರೇಟರಿನಿಂದ ತೆಗೆದುಕೊಂಡೆ, 1 ವೋಲ್ಟಿನಿಂದ 3 ವೋಲ್ಟಿನವರೆಗೆ. ಎಲ್‌ಎಂ 311 ಕಂಪೇರೇಟರ್ ಈ ಅಲೆಯನ್ನೂ ಕಂಟ್ರೋಲ್ ವೋಲ್ಟೇಜನ್ನೂ ಹೋಲಿಸಿ ಪಲ್ಸ್ ಮಾಡುತ್ತದೆ. ಎರರ್ ಆಂಪ್ಲಿಫೈಯರ್‌ಗೆ ಎಂಸಿಪಿ 6022 ಆಪ್‌ಆಂಪ್, ರೆಫರೆನ್ಸ್‌ಗೆ 2.5 ವೋಲ್ಟ್ ಕೊಡುವ ಟಿಎಲ್ 431.

ಲೋಡ್‌ಗೆ 10 ಓಮ್ ರೆಸಿಸ್ಟರ್ ಯಾವಾಗಲೂ ಇರುತ್ತದೆ, ಅಂದರೆ 0.5 ಆಂಪಿಯರ್. ಅದರ ಪಕ್ಕದಲ್ಲೇ 3.3 ಓಮ್‌ನ ಇನ್ನೊಂದು, ಅದನ್ನು ಒಂದು ಮಾಸ್‌ಫೆಟ್ ಟಕ್ ಅಂತ ಸೇರಿಸಿ ಬಿಡಿಸುತ್ತದೆ. ಸೇರಿದಾಗ ಒಟ್ಟು 2 ಆಂಪಿಯರ್.

ಸರಾಸರಿ ಮಾಡೆಲ್ ಏನು ಹೇಳುತ್ತದೆ

ಎರಡು ಮಾಸ್‌ಫೆಟ್ ಸೇರುವ ಸ್ವಿಚ್ ನೋಡ್‌ನಲ್ಲಿ ಇರುವುದು 12 ವೋಲ್ಟ್ ಅಥವಾ ಸೊನ್ನೆ, ಎರಡೇ. ಒಂದು ಸುತ್ತಿನ ಸರಾಸರಿ ತೆಗೆದರೆ ಅದು ಡ್ಯೂಟಿ, ಅಂದರೆ ಸುತ್ತಿನಲ್ಲಿ ಮೇಲಿನ ಮಾಸ್‌ಫೆಟ್ ಆನ್ ಇರುವ ಪಾಲು, ಗುಣಿಸು 12. ಈ ಸರಾಸರಿ ವೋಲ್ಟೇಜು ಕಾಯಿಲ್ ಮತ್ತು ಕೆಪಾಸಿಟರ್ ಎಂಬ ಫಿಲ್ಟರಿನ ಒಳಗೆ ಹೋಗಿ ಹೊರಗೆ ಬರುತ್ತದೆ. ಬಕ್‌ನ ಇಡೀ ಮಾಡೆಲ್ ಇಷ್ಟೇ. ಸ್ವಿಚ್ಚನ್ನು ಹೀಗೆ ಸರಾಸರಿಯಲ್ಲಿ ಮುಳುಗಿಸುವ ದಾರಿಯನ್ನು 1976ರಲ್ಲಿ ಕ್ಯಾಲ್ಟೆಕ್‌ನ ಮಿಡಲ್‌ಬ್ರೂಕ್ ಮತ್ತು ಚುಕ್ ವ್ಯವಸ್ಥಿತವಾಗಿ ತೋರಿಸಿಕೊಟ್ಟರು. ವೋಲ್ಟೇಜ್ ಏರಿಸುವ ಬೂಸ್ಟ್‌ಗೆ ಅದೇ ಕೆಲಸ ಮಾಡಿದರೆ ಕೈಕೊಡುವ ಬೇರೆ ಜಾತಿಯ ಝೀರೋ ಬಂದು ತಲೆನೋವು ತರುತ್ತದೆ. ಬಕ್ ಪಾಪ, ಸರಳ.

ಕಂಟ್ರೋಲ್ ವೋಲ್ಟೇಜಿನಿಂದ ಔಟ್‌ಪುಟ್‌ಗೆ ಸಿಗುವುದು ಹೀಗೆ:

```
G(s) = (Vin/Vm) * (1 + s*rC*C) / (1 + s/(Q*w0) + (s/w0)^2)
```

`Vin` 12, ತ್ರಿಕೋನದ ಎತ್ತರ `Vm` 2, ಹಾಗಾಗಿ ಡಿಸಿ ಗೇನ್ 6. ಫಿಲ್ಟರ್ ಅನುರಣಿಸುವುದು 1.41 ಕಿಲೊಹರ್ಟ್ಸ್‌ನಲ್ಲಿ. ಕಾಯಿಲ್, ಮಾಸ್‌ಫೆಟ್, ವೈರು ಎಲ್ಲ ಸೇರಿ 80 ಮಿಲಿಓಮ್ ಅಂತ ಇಟ್ಟುಕೊಂಡರೆ 2 ಆಂಪಿಯರ್ ಲೋಡಿನಲ್ಲಿ ಕುಣಿತದ ಅಳತೆಯಾದ `Q` ಸುಮಾರು 2.6, ಅರ್ಧ ಆಂಪಿಯರ್‌ನಲ್ಲಿ 3.8. ಲೋಡ್ ಹಗುರವಾದಷ್ಟೂ ಕುಣಿತ ಜಾಸ್ತಿ, ಯಾಕೆಂದರೆ ಬ್ರೇಕ್ ಹಾಕಲು ಯಾರೂ ಇಲ್ಲ.

ಮುಖ್ಯ ವಿಷಯ ಫೇಸ್, ಅಂದರೆ ಅಲೆ ಎಷ್ಟು ಹಿಂದೆ ಬೀಳುತ್ತದೆ ಅನ್ನುವುದು. ಅನುರಣನ ದಾಟಿದ ಕೂಡಲೇ ಈ ಫಿಲ್ಟರ್ 180 ಡಿಗ್ರಿ ನುಂಗಿಬಿಡುತ್ತದೆ. ಸ್ವಲ್ಪ ವಾಪಸ್ ಕೊಡಬಹುದಾದದ್ದು ಇಎಸ್‌ಆರ್ ಝೀರೋ ಒಂದೇ. ಝೀರೋ ಅಂದರೆ ಇಲ್ಲಿ ಗೇನ್ ಏರಲು, ಫೇಸ್ ಮುಂದಕ್ಕೆ ಸರಿಯಲು ಶುರುವಾಗುವ ಆವೃತ್ತಿ. ಮಾಮೂಲಿ ಹಳೇ ಎಲೆಕ್ಟ್ರೋಲಿಟಿಕ್ ಆಗಿದ್ದು ಇಎಸ್‌ಆರ್ 0.2 ಓಮ್ ಇದ್ದಿದ್ದರೆ ಆ ಝೀರೋ 3 ಕಿಲೊಹರ್ಟ್ಸ್ ಆಸುಪಾಸಿನಲ್ಲೇ ಬಂದು ಪುಕ್ಕಟೆ ಸಹಾಯ ಮಾಡುತ್ತಿತ್ತು. ನನ್ನ ಒಳ್ಳೇ ಪಾಲಿಮರ್ ಕೆಪಾಸಿಟರ್‌ನಲ್ಲಿ ಅದು 49 ಕಿಲೊಹರ್ಟ್ಸ್‌ನಲ್ಲಿ ಕೂತಿದೆ. ನನಗೆ ಬೇಕಾದ ಜಾಗದಲ್ಲಿ ಅದರ ಉಪಯೋಗ ಹತ್ತು ಡಿಗ್ರಿ, ಅಷ್ಟೇ. ಎಷ್ಟೋ ಹಳೇ ಸಪ್ಲೈಗಳಿಗೆ ಯಾರೋ ಹೊಸ ಲೋ ಇಎಸ್‌ಆರ್ ಕೆಪಾಸಿಟರ್ ಹಾಕಿದಮೇಲೆ ಶಿಳ್ಳೆ ಹೊಡೆಯಲು ಶುರುಮಾಡುವುದು ಇದೇ ಕಾರಣಕ್ಕೆ.

ಮೊದಲ ಯತ್ನ: ಒಂದೇ ಝೀರೋ

ಸೋಮಾರಿತನದಿಂದ ಶುರುಮಾಡಿದೆ. ಔಟ್‌ಪುಟ್‌ನಿಂದ ಆಪ್‌ಆಂಪ್‌ನ ಮೈನಸ್ ಕಾಲಿಗೆ `R1` = 10 ಕಿಲೊಓಮ್, ಅಲ್ಲಿಂದ ನೆಲಕ್ಕೆ ಇನ್ನೊಂದು 10 ಕಿಲೊಓಮ್. ಫೀಡ್‌ಬ್ಯಾಕ್‌ನಲ್ಲಿ `R2` = 12 ಕಿಲೊಓಮ್, ಸರಣಿಯಲ್ಲಿ `C1` = 22 ನ್ಯಾನೋಫ್ಯಾರಡ್. ಇಂಟಿಗ್ರೇಟರ್ ಒಂದು, 600 ಹರ್ಟ್ಸ್‌ನಲ್ಲಿ ಝೀರೋ ಒಂದು. ನೆಲಕ್ಕೆ ಹೋಗುವ ಆ ಎರಡನೇ 10 ಕಿಲೊಓಮ್ ಲೂಪ್ ಗೇನ್‌ನಲ್ಲಿ ಬರುವುದಿಲ್ಲ, ಗಮನಿಸಿ. ಆಪ್‌ಆಂಪ್‌ನ ಮೈನಸ್ ಕಾಲು 2.5 ವೋಲ್ಟಿನಲ್ಲಿ ಅಲುಗಾಡದೆ ನಿಂತಿರುವುದರಿಂದ ಆ ರೆಸಿಸ್ಟರಿಗೆ ಏರಿಳಿತವೇ ಕಾಣದು. ಅದರ ಕೆಲಸ ಡಿಸಿ ಲೆವೆಲ್ ಕೂರಿಸುವುದಷ್ಟೇ.

ಪವರ್ ಕೊಟ್ಟೆ. ಮೀಟರಿನಲ್ಲಿ 5.02. ಖುಷಿಯಾಯಿತು. ಆಗ ಪಕ್ಕದ ರೂಮಿನಿಂದ ಮಗಳು, "ಅಪ್ಪಾ, ಅದೇನು ಸೊಳ್ಳೆ ತರ ಗುಂಯ್ ಅಂತಿದೆ?"

ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಕಾಯಿಲ್ ಹತ್ತಿರ ಕಿವಿ ಕೊಟ್ಟೆ. ಹೌದು, ಸಣ್ಣಗೆ ಹಾಡುತ್ತಿತ್ತು. 100 ಕಿಲೊಹರ್ಟ್ಸ್‌ನ ಕಾಯಿಲ್ ಹಾಡಬಾರದು, ಅದು ಯಾರ ಕಿವಿಗೂ ಕೇಳುವ ಸದ್ದಲ್ಲ. ಸ್ಕೋಪಿನಲ್ಲಿ ನೋಡಿದರೆ ಔಟ್‌ಪುಟ್ ಮೇಲೆ 4 ಕಿಲೊಹರ್ಟ್ಸ್‌ನ ಚಂದದ ಸೈನ್ ಅಲೆ. ಅರ್ಧ ಆಂಪಿಯರ್ ಲೋಡಿನಲ್ಲಿ ಅದು ನಿಲ್ಲಲೇ ಇಲ್ಲ. 3.3 ಓಮ್ ಸೇರಿಸಿ 2 ಆಂಪಿಯರ್ ಮಾಡಿದರೆ ಬಹಳ ಹೊತ್ತು ಆಡಿ ನಿಧಾನಕ್ಕೆ ಸಾಯುತ್ತಿತ್ತು.

ಕಾಗದದ ಮೇಲೆ ನೋಡಿದಾಗ ಎಲ್ಲ ಅಲ್ಲೇ ಇತ್ತು. ಈ ಬೆಲೆಗಳಿಗೆ ಲೂಪ್ ಗೇನ್ 1 ಆಗುವುದು 4 ಕಿಲೊಹರ್ಟ್ಸ್‌ನಲ್ಲಿ. ಅಲ್ಲಿ ಫೇಸ್ ಮಾರ್ಜಿನ್, ಅಂದರೆ 180 ಡಿಗ್ರಿ ಮುಟ್ಟಲು ಉಳಿದ ಅಂತರ, ಕಂಪೇರೇಟರ್ ಮತ್ತು ಡ್ರೈವರ್‌ನ ಒಂದು ಮೈಕ್ರೋಸೆಕೆಂಡ್ ತಡವನ್ನೂ ಲೆಕ್ಕಕ್ಕೆ ಹಿಡಿದರೆ 2 ಆಂಪಿಯರ್‌ನಲ್ಲಿ ಮೂರು ನಾಲ್ಕು ಡಿಗ್ರಿ. ಅರ್ಧ ಆಂಪಿಯರ್‌ನಲ್ಲಿ ಒಂದು ಡಿಗ್ರಿಯೂ ಇಲ್ಲ. ಒಂದು ಝೀರೋ ಇಂಟಿಗ್ರೇಟರ್ ತಿಂದ 90 ಡಿಗ್ರಿಯನ್ನು ತೀರಿಸುತ್ತದೆ. ಫಿಲ್ಟರ್ ತಿಂದ 180 ಹಾಗೇ ಉಳಿದಿದೆ.

ಗೇನ್ ಇಳಿಸಿ ಬಚಾವಾಗಬಹುದು. ಆಗ ಅನುರಣನದ ಗುಡ್ಡವೂ 1ಕ್ಕಿಂತ ಕೆಳಗೆ ಇರಬೇಕು, ಹಾಗಾಗಿ ಲೂಪ್ ಇನ್ನೂರು ಹರ್ಟ್ಸ್ ದಾಟುವ ಹಾಗಿಲ್ಲ. ಅಷ್ಟು ನಿಧಾನದ ಲೂಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 1.5 ಆಂಪಿಯರ್ ಜಿಗಿತಕ್ಕೆ ಫಿಲ್ಟರ್ ತಾನೇ ಅರ್ಧ ವೋಲ್ಟ್ ಕುಸಿದು ಕುಣಿಯುತ್ತದೆ. ನಾನು ತಂದ ಮಾಡ್ಯೂಲ್ ಮಾಡುತ್ತಿದ್ದುದೂ ಬಹುಶಃ ಅದನ್ನೇ.

ಎರಡನೇ ಝೀರೋ

ಇದಕ್ಕೆ ಬೇಕಾದದ್ದು ಒಂದೇ ಒಂದು ಕೆಪಾಸಿಟರ್. `R1`ನ ಬೆನ್ನಿಗೆ `C3` = 10 ನ್ಯಾನೋಫ್ಯಾರಡ್. ಆಪ್‌ಆಂಪ್ ಮತ್ತು ಅದರ ಸುತ್ತಲಿನ ಜಾಲ, ಅಂದರೆ ಕಾಂಪೆನ್ಸೇಟರ್, ಈಗ ಹೀಗಾಯಿತು:

```
H(s) = (1 + s*R2*C1) * (1 + s*R1*C3) / (s*R1*C1)
```

ಹೊಸ ಝೀರೋ 1.59 ಕಿಲೊಹರ್ಟ್ಸ್‌ನಲ್ಲಿ ಬರುತ್ತದೆ, ಫಿಲ್ಟರಿನ ಅನುರಣನದ ಪಕ್ಕದಲ್ಲೇ. ಮೊದಲನೆಯದನ್ನು ಬೇಕೆಂದೇ ಕೆಳಗೆ, 600 ಹರ್ಟ್ಸ್‌ನಲ್ಲಿ ಬಿಟ್ಟೆ. ಅನುರಣನ ಬರುವ ಹೊತ್ತಿಗೆ ಇಂಟಿಗ್ರೇಟರಿನ ಸಾಲ ಬಹುಪಾಲು ತೀರಿರಬೇಕು. ಎರಡನ್ನೂ ಮೇಲೆ ಇಟ್ಟರೆ ಅನುರಣನದ ಬಳಿ ಫೇಸ್ ಒಮ್ಮೆ ಆಳಕ್ಕೆ ಇಳಿದು ಬರುತ್ತದೆ. ಇನ್ನೂ ಕೆಳಗೆ ಇಟ್ಟರೆ ಇಂಟಿಗ್ರೇಟರ್ ಬಲ ಕಳೆದುಕೊಂಡು, ಕುಸಿದ ವೋಲ್ಟೇಜ್ ಐದಕ್ಕೆ ವಾಪಸ್ ಬರಲು ಎಳೆದಾಡುತ್ತದೆ.

ಲೂಪ್ ಗೇನ್ 1 ಆಗುವ ಜಾಗ, ಅಂದರೆ ಕ್ರಾಸೋವರ್, ಎಲ್ಲಿ ಇಡಬೇಕು? ಸರಾಸರಿ ಮಾಡೆಲ್ ಸ್ವಿಚಿಂಗ್ ಆವೃತ್ತಿಯ ಹತ್ತಿರಕ್ಕೆ ಹೋದಂತೆ ಸುಳ್ಳು ಹೇಳಲು ಶುರುಮಾಡುತ್ತದೆ. ಒಂದು ಸುತ್ತಿನ ಒಳಗೆ ಏನಾಗುತ್ತದೆ ಅನ್ನುವುದನ್ನೇ ಅದು ಒರೆಸಿಹಾಕಿದೆ ಅಲ್ವಾ? ಹತ್ತನೇ ಒಂದು ಭಾಗ, ಅಂದರೆ 10 ಕಿಲೊಹರ್ಟ್ಸ್ ನಂಬಿಕಸ್ತ ಜಾಗ. ಅಲ್ಲಿ ಪವರ್ ಭಾಗದ ಗೇನ್ 0.125, ಹಾಗಾಗಿ ಕಾಂಪೆನ್ಸೇಟರ್ 8 ಪಟ್ಟು ಕೊಡಬೇಕು. ಅದಕ್ಕೆ `R2` 12.6 ಕಿಲೊಓಮ್ ಆಗಬೇಕು. ಡಬ್ಬಿಯಲ್ಲಿ ಇದ್ದದ್ದು 12, ಅದು ಆಗಲೇ ಬೋರ್ಡ್ ಮೇಲಿತ್ತು. ಪೈಥಾನ್‌ನಲ್ಲಿ ಒಮ್ಮೆ ನೋಡಿದೆ:

```python
import numpy as np
f = np.logspace(1, 5, 20000); s = 2j*np.pi*f
Vin, Vm, R, rL, rC = 12, 2, 2.5, 0.08, 0.012
L, C = 47e-6, 270e-6
R1, R2, C1, C3 = 10e3, 12e3, 22e-9, 10e-9
w0 = 1/np.sqrt(L*C); Z0 = np.sqrt(L/C)
Q = 1/(Z0/R + (rL + rC)/Z0)
G = Vin/Vm*(1 + s*rC*C)/(1 + s/(Q*w0) + (s/w0)**2)
H = (1 + s*R2*C1)*(1 + s*R1*C3)/(s*R1*C1)
T = G*H
k = np.where(abs(T) > 1)[0][-1]
print(f[k], 180 + np.degrees(np.angle(T[k])))
```

ಉತ್ತರ: 9.5 ಕಿಲೊಹರ್ಟ್ಸ್, ಫೇಸ್ ಮಾರ್ಜಿನ್ 91 ಡಿಗ್ರಿ. ಇಷ್ಟು ಚೆನ್ನಾಗಿ ಬಂದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. `C3` ಸೋಲ್ಡರ್ ಮಾಡಿ ಪವರ್ ಕೊಟ್ಟೆ.

ಆಪ್‌ಆಂಪ್‌ಗೆ ಹುಚ್ಚು ಹಿಡಿದದ್ದು

4 ಕಿಲೊಹರ್ಟ್ಸ್ ಹಾಡು ಮಾಯ. ಅದರ ಜಾಗದಲ್ಲಿ ಚರಚರ ಸದ್ದು. ಮಾಸ್‌ಫೆಟ್ ಎರಡು ನಿಮಿಷದಲ್ಲಿ ಮುಟ್ಟಲಾಗದಷ್ಟು ಬಿಸಿ. ಸ್ವಿಚ್ ನೋಡ್‌ನಲ್ಲಿ ಪಲ್ಸ್‌ಗಳು ಒಂದು ದಪ್ಪ, ಒಂದು ಸಣ್ಣ, ಕೆಲವು ಸುತ್ತಿನಲ್ಲಿ ಎರಡೆರಡು. ಆಪ್‌ಆಂಪ್ ಔಟ್‌ಪುಟ್ ನೇರ ಗೆರೆಯಾಗಿ 2 ವೋಲ್ಟ್ ಸುತ್ತ ನಿಂತಿರಬೇಕಿತ್ತು. ಅದು ಸೊನ್ನೆಯಿಂದ 5ರವರೆಗೆ ಬಡಿದುಕೊಳ್ಳುತ್ತಿತ್ತು.

ಮೊದಲ ಅನುಮಾನ ರಿಪಲ್ ಮೇಲೆ. ಕಾಯಿಲ್ ಕರೆಂಟಿನ ಏರಿಳಿತ 0.6 ಆಂಪಿಯರ್. ಅದರಿಂದ ಔಟ್‌ಪುಟ್‌ನಲ್ಲಿ ಸುಮಾರು 8 ಮಿಲಿವೋಲ್ಟ್ ರಿಪಲ್. ಎರಡು ಝೀರೋ ದಾಟಿದ ಕಾಂಪೆನ್ಸೇಟರ್‌ನ ಗೇನ್ ಮೇಲೇರುತ್ತಲೇ ಹೋಗಿ 100 ಕಿಲೊಹರ್ಟ್ಸ್‌ನಲ್ಲಿ 75 ಆಗಿರುತ್ತದೆ. 8 ಮಿಲಿವೋಲ್ಟ್ 0.6 ವೋಲ್ಟ್ ಆಗಿ ಕಂಪೇರೇಟರ್‌ಗೆ ಬರುತ್ತದೆ. ತ್ರಿಕೋನವೇ 2 ವೋಲ್ಟ್ ಇರುವಾಗ ಇದು ಚಿಕ್ಕದಲ್ಲ.

ಆದರೆ 0.6 ಎಲ್ಲಿ, 5 ಎಲ್ಲಿ. ಇನ್ನೊಂದು ಸುಳಿವೂ ಇತ್ತು. ಸ್ಕೋಪನ್ನು ತ್ರಿಕೋನ ಅಲೆಗೆ ಟ್ರಿಗರ್ ಮಾಡಿದರೆ ರಿಪಲ್‌ನಿಂದ ಹುಟ್ಟಿದ್ದೆಲ್ಲ ಪರದೆ ಮೇಲೆ ನಿಂತಿರಬೇಕು, ಯಾಕೆಂದರೆ ಅದೂ 100 ಕಿಲೊಹರ್ಟ್ಸ್. ಇಲ್ಲಿ ಒಂದು ಭಾಗ ನಿಲ್ಲದೆ ಪಕ್ಕಕ್ಕೆ ಜಾರುತ್ತಿತ್ತು. ಅಂದರೆ ಅದರ ಆವೃತ್ತಿಯೇ ಬೇರೆ.

ಡ್ರೈವರ್‌ನ ಶಟ್‌ಡೌನ್ ಕಾಲನ್ನು ನೆಲಕ್ಕೆ ಹಿಡಿದು ಸ್ವಿಚಿಂಗ್ ನಿಲ್ಲಿಸಿದೆ. ಲ್ಯಾಬ್ ಸಪ್ಲೈನಿಂದ 5 ವೋಲ್ಟನ್ನು ನೇರ `R1`ಗೆ ಕೊಟ್ಟೆ. ಲೂಪ್ ಮುರಿದಾಗ ಇಂಟಿಗ್ರೇಟರ್ ಒಂದು ಕಡೆ ಓಡಿಹೋಗಿ ಕೂರುತ್ತದೆ. ಅದಕ್ಕೆ ಫೀಡ್‌ಬ್ಯಾಕ್‌ನ ಅಡ್ಡಕ್ಕೆ 1 ಮೆಗಾಓಮ್ ಇಟ್ಟು, ಸಪ್ಲೈನ ಫೈನ್ ನಾಬ್ ತಿರುಗಿಸಿ ಆಪ್‌ಆಂಪನ್ನು ನಡುವೆ ತಂದು ನಿಲ್ಲಿಸಿದೆ. ಆಮೇಲೆ ಚಿಮಟದಿಂದ ಮೈನಸ್ ಕಾಲನ್ನು ಮೆಲ್ಲಗೆ ಮುಟ್ಟಿದೆ. ದೇವಸ್ಥಾನದ ಗಂಟೆ ಹೊಡೆದ ಹಾಗೆ ಉದ್ದನೆಯ ಅನುರಣನ. ಆವೃತ್ತಿ 115 ಕಿಲೊಹರ್ಟ್ಸ್ ಆಸುಪಾಸು. ಪವರ್ ಭಾಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆಪ್‌ಆಂಪ್ ತನ್ನಷ್ಟಕ್ಕೆ ತಾನೇ ಅಂಚಿನಲ್ಲಿ ನಿಂತಿತ್ತು.

ಕಾರಣ ಸೂತ್ರದಲ್ಲೇ ಅಡಗಿದೆ. ಒಂದು ಇಂಟಿಗ್ರೇಟರ್, ಎರಡು ಝೀರೋ ಅಂದರೆ ಮೇಲಿನ ಆವೃತ್ತಿಗೆ ಅದು ಬರೀ ಡಿಫರೆನ್ಶಿಯೇಟರ್. ಗೇನ್ ಏರುತ್ತಲೇ ಇರಬೇಕು ಅಂತ ಸೂತ್ರ ಕೇಳುತ್ತದೆ. ಎಂಸಿಪಿ 6022ರ ಗೇನ್ ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಸ್. ಅಂದರೆ 100 ಕಿಲೊಹರ್ಟ್ಸ್‌ನಲ್ಲಿ ಅದರ ಬಳಿ ಇರುವುದೇ 100 ಪಟ್ಟು, ಅದೂ ಇಳಿಯುತ್ತಿದೆ. ಏರುವ ಗೆರೆ ಮತ್ತು ಇಳಿಯುವ ಗೆರೆ ಸಂಧಿಸುವಲ್ಲಿ ಆಪ್‌ಆಂಪ್‌ನ ಸ್ವಂತ ಲೂಪಿಗೆ ಫೇಸ್ ಮಾರ್ಜಿನ್ ಉಳಿಯುವುದಿಲ್ಲ. ಲೆಕ್ಕ ಹಾಕಿದರೆ ಸಂಧಿಸುವ ಜಾಗ ಸರಿಯಾಗಿ 115 ಕಿಲೊಹರ್ಟ್ಸ್, ಮಾರ್ಜಿನ್ ಒಂದೆರಡು ಡಿಗ್ರಿ. ನನ್ನ ಪೈಥಾನ್‌ಗೆ ಆಪ್‌ಆಂಪ್ ಅನ್ನೋದು ಇದೆ ಅಂತಲೇ ಗೊತ್ತಿರಲಿಲ್ಲ.

ಇದನ್ನು ಇನ್ನೂ ವೇಗದ ಆಪ್‌ಆಂಪ್ ತಂದು ಸರಿಮಾಡಲು ಹೋಗಬಾರದು. ಸಂಧಿಸುವ ಜಾಗ ಮೇಲಕ್ಕೆ ಹೋಗುತ್ತದೆ, ರೋಗ ಹಾಗೇ ಇರುತ್ತದೆ. ಏರುವ ಗೇನನ್ನೇ ತಡೆಯಬೇಕು. `C3`ಗೆ ಸರಣಿಯಲ್ಲಿ 330 ಓಮ್ ಇಟ್ಟೆ. ಅದು 48 ಕಿಲೊಹರ್ಟ್ಸ್‌ನಲ್ಲಿ, ಝೀರೋಗೆ ಉಲ್ಟಾ ಕೆಲಸ ಮಾಡುವ ಒಂದು ಪೋಲ್ ಕೊಡುತ್ತದೆ, ಇಎಸ್‌ಆರ್ ಝೀರೋ ಇರುವ ಜಾಗಕ್ಕೇ. ಆಮೇಲೆ `R2`, `C1` ಎರಡರ ಅಡ್ಡಕ್ಕೆ 220 ಪಿಕೋಫ್ಯಾರಡ್. ಅದರಿಂದ 60 ಕಿಲೊಹರ್ಟ್ಸ್‌ನಲ್ಲಿ ಇನ್ನೊಂದು. 100 ಕಿಲೊಹರ್ಟ್ಸ್‌ನಲ್ಲಿ ಗೇನ್ 75ರಿಂದ 17ಕ್ಕೆ ಇಳಿಯಿತು. ಬೆಲೆ ತೆತ್ತದ್ದು ಫೇಸ್‌ನಲ್ಲಿ: 91 ಇದ್ದದ್ದು 71 ಆಯಿತು. ಪರವಾಗಿಲ್ಲ, ಬೇಕಾದದ್ದಕ್ಕಿಂತ ಜಾಸ್ತಿಯೇ ಇದೆ.

ಈ ಸಲ ಆಪ್‌ಆಂಪ್ ಔಟ್‌ಪುಟ್ 1.95 ವೋಲ್ಟಿನಲ್ಲಿ ಕೂತಿತು. ಮೇಲೆ ಸಣ್ಣ ರಿಪಲ್, ಅದು ಪರದೆ ಮೇಲೆ ಅಲುಗಾಡದೆ ನಿಂತಿತ್ತು. ಲೆಕ್ಕದ ಡ್ಯೂಟಿ 0.42, ಈ ವೋಲ್ಟೇಜ್ ಹೇಳುವುದು 0.47. ವ್ಯತ್ಯಾಸ, ಎರಡೂ ಮಾಸ್‌ಫೆಟ್ ಆಫ್ ಇರುವ ಡ್ರೈವರ್‌ನ ಡೆಡ್ ಟೈಮ್‌ನದು: 10 ಮೈಕ್ರೋಸೆಕೆಂಡಿನಲ್ಲಿ ಅರ್ಧ ಮೈಕ್ರೋಸೆಕೆಂಡ್ ಅದೇ ತಿನ್ನುತ್ತದೆ. ಇಂಟಿಗ್ರೇಟರ್ ಕೇಳದೆಯೇ ಸರಿಪಡಿಸಿಕೊಂಡಿದೆ.

ಅಳೆದು ನೋಡಿದ್ದು

ಲೂಪನ್ನು ಮುರಿಯದೆ ಅಳೆಯುವ ಹಳೇ ಉಪಾಯ ಇದೆ. ಔಟ್‌ಪುಟ್ ಮತ್ತು ಫೀಡ್‌ಬ್ಯಾಕ್ ಜಾಲದ ನಡುವೆ 22 ಓಮ್ ಇಟ್ಟು, ಅದರ ಅಡ್ಡಕ್ಕೆ ಟ್ರಾನ್ಸ್‌ಫಾರ್ಮರ್ ಮೂಲಕ ಸಣ್ಣ ಸೈನ್ ಅಲೆ ತೂರಿಸುವುದು. ಹಳೇ ರೇಡಿಯೋದ ಆಡಿಯೋ ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಅಲೆಗೆ ಫೋನಿನ ಟೋನ್ ಜನರೇಟರ್ ಆ್ಯಪ್ ಸಾಕಾಯಿತು. ಸ್ಕೋಪಿನ ಎರಡು ಪ್ರೋಬ್‌ಗಳು 22 ಓಮ್‌ನ ಎರಡು ತುದಿಗೆ, ಸರಾಸರಿ ಮೋಡ್ ಆನ್.

5 ಕಿಲೊಹರ್ಟ್ಸ್‌ನಲ್ಲಿ ಔಟ್‌ಪುಟ್ ಕಡೆಯ ಅಲೆ ದೊಡ್ಡದು. 15ರಲ್ಲಿ ಅದೇ ಚಿಕ್ಕದು. ನಿಧಾನಕ್ಕೆ ಸರಿಸುತ್ತ ಹೋದರೆ 9 ಕಿಲೊಹರ್ಟ್ಸ್‌ನಲ್ಲಿ ಎರಡೂ ಸಮ. ಅದೇ ಕ್ರಾಸೋವರ್. ಅಲ್ಲಿ ಎರಡು ಅಲೆಗಳ ನಡುವಿನ ಅಂತರವೇ ನೇರವಾಗಿ ಫೇಸ್ ಮಾರ್ಜಿನ್. 111 ಮೈಕ್ರೋಸೆಕೆಂಡಿನ ಸುತ್ತಿನಲ್ಲಿ 20 ಮೈಕ್ರೋಸೆಕೆಂಡ್ ಸರಿದಿತ್ತು, ಅಂದರೆ ಸುಮಾರು 65 ಡಿಗ್ರಿ. ಮಾಡೆಲ್ ಹೇಳಿದ 71ಕ್ಕಿಂತ ಕಡಿಮೆ. ಕಂಪೇರೇಟರ್ ಮತ್ತು ಡ್ರೈವರ್ ಸೇರಿ ಒಂದು ಮೈಕ್ರೋಸೆಕೆಂಡ್ ತಡ ಮಾಡಿದರೆ ಮೂರು ನಾಲ್ಕು ಡಿಗ್ರಿ ಅಲ್ಲೇ ಹೋಯಿತು. ಉಳಿದದ್ದು ನನ್ನ ಕಣ್ಣಳತೆ.

ಲೋಡ್ ಜಿಗಿತಕ್ಕೆ ಈಗ 80 ಮಿಲಿವೋಲ್ಟ್ ಕುಸಿತ, ಮುನ್ನೂರು ಮೈಕ್ರೋಸೆಕೆಂಡಿನಲ್ಲಿ ವಾಪಸ್, ಕುಣಿತ ಇಲ್ಲ. ಬ್ಯಾಟರಿ 11ರಿಂದ 14.4 ವೋಲ್ಟಿನ ನಡುವೆ ಆಡುತ್ತದೆ. `Vin` ನೇರ ಗೇನ್‌ನಲ್ಲೇ ಕೂತಿರುವುದರಿಂದ ಕ್ರಾಸೋವರ್ ಕೂಡ ಅದರ ಜೊತೆ ಎಂಟೂವರೆಯಿಂದ ಹನ್ನೊಂದರವರೆಗೆ ಸರಿಯುತ್ತದೆ. ಆ ಜಾಗದಲ್ಲೆಲ್ಲ ಫೇಸ್ ಚಪ್ಪಟೆಯಾಗಿರುವುದರಿಂದ ಏನೂ ಆಗುವುದಿಲ್ಲ.

ಪೈ ಸಿಕ್ಕಿಸುವ ಮೊದಲು ಸ್ವಿಚ್ ಆನ್ ಮಾಡುವ ಕ್ಷಣವನ್ನೂ ಸ್ಕೋಪಿನಲ್ಲಿ ನೋಡಿದ್ದು ಪುಣ್ಯ. ಔಟ್‌ಪುಟ್ 7 ವೋಲ್ಟ್ ಮುಟ್ಟಿ ಇಳಿದಿತ್ತು. ಔಟ್‌ಪುಟ್ ಇನ್ನೂ ಸೊನ್ನೆ ಇರುವಾಗ ಇಂಟಿಗ್ರೇಟರ್ ಮೇಲಿನ ತುದಿಗೆ ಓಡಿ ಕೂತಿರುತ್ತದೆ. 5 ವೋಲ್ಟ್ ದಾಟಿದಮೇಲೂ ಅದು ಕೆಳಗಿಳಿದು ತ್ರಿಕೋನದ ಒಳಗೆ ಬರಲು ಹೊತ್ತು ಬೇಕು. ರೆಫರೆನ್ಸ್‌ನಿಂದ ಪ್ಲಸ್ ಕಾಲಿಗೆ ಹೋಗುವ ದಾರಿಯಲ್ಲಿ 10 ಕಿಲೊಓಮ್, 10 ಮೈಕ್ರೋಫ್ಯಾರಡ್ ಇಟ್ಟೆ. ಈಗ ಗುರಿಯೇ ನಿಧಾನಕ್ಕೆ ಏರುತ್ತದೆ, ಔಟ್‌ಪುಟ್ ಅದರ ಹಿಂದೆ ತಗ್ಗಿಬಗ್ಗಿ ಹೋಗುತ್ತದೆ.

ನಾಲ್ಕು ದಿನ ಆಯಿತು. ನಡುವೆ ಎರಡು ಸಲ ಕರೆಂಟ್ ಹೋಗಿ ಬಂತು.

```
$ vcgencmd get_throttled
throttled=0x0
```

ಒಂದು ಸಮಸ್ಯೆ ಉಳಿದಿದೆ. ತ್ರಿಕೋನ ಅಲೆ ಈಗಲೂ ಬರುತ್ತಿರುವುದು ಫಂಕ್ಷನ್ ಜನರೇಟರಿನಿಂದ, ಅದಕ್ಕೆ ಬೇಕು ಗೋಡೆಯ 230 ವೋಲ್ಟ್. ಸದ್ಯ ಅದನ್ನು ಮನೆಯ ಇನ್ವರ್ಟರ್ ಲೈನಿಗೆ ಸಿಕ್ಕಿಸಿದ್ದೇನೆ. ಅದೇ ಲೈನಿಗೆ ಪೈನ ಚಾರ್ಜರನ್ನೇ ಹಾಕಬಹುದಿತ್ತಲ್ಲ ಅಂತ ಮನೆಯವಳು ಕೇಳಿದಳು. ಈ ವಾರ ತ್ರಿಕೋನದ ಸರ್ಕ್ಯೂಟ್ ಕಟ್ಟುತ್ತೇನೆ.